“ಮೇಡಂ, ಒಂದು ರೆಫರಲ್ ಕೊಡ್ತೀರಾ?”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ನಮ್ಮಲ್ಲಿ ಸಲಹೆಗೆ ಬಂದವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಎಂಜಿನಿಯರ್. ಪರಿಚಯವೇ ಇಲ್ಲದ ಯುವಕನೊಬ್ಬ ಲಿಂಕ್ಡ್‌ಇನ್‌ನಲ್ಲಿ “ಮೇಡಂ, ಏನಾದ್ರೂ ಓಪನಿಂಗ್ ಇದ್ರೆ ರೆಫರ್ ಮಾಡಿ ಪ್ಲೀಸ್” ಎಂದು ರೆಸ್ಯೂಮೆ ಕಳಿಸಿದ್ದ. “ಖಂಡಿತ ನೋಡ್ತೀನಿ” ಎಂದವರು ನೋಡಲಿಲ್ಲ. ಆತ ವಾರಕ್ಕೊಮ್ಮೆ “ಏನಾಯ್ತು ಮೇಡಂ?” ಎಂದು ಕೇಳತೊಡಗಿದ ಮೇಲೆ ಇವರು ಆ ಆ್ಯಪ್ ತೆರೆಯುವುದನ್ನೇ ಬಿಟ್ಟರು.

ಇವರ ಮೊದಲ ಕೆಲಸ ಬಂದದ್ದೂ ರೆಫರಲ್‌ನಿಂದಲೇ, ಅಂದರೆ ಕಂಪನಿಯ ಒಳಗಿನವರೊಬ್ಬರ ಶಿಫಾರಸಿನಿಂದಲೇ. ಹಾಗಾಗಿ ಆಗುವುದಿಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಆದರೆ ಕೇಳಿದವನಿಗೆ ನಷ್ಟ ಮಾಡುವುದು ಆ “ನೋಡ್ತೀನಿ”ಯೇ. ರೆಫರಲ್ ಬಂದೀತೆಂದು ಆತ ನೇರವಾಗಿ ಅರ್ಜಿ ಹಾಕದೆ ಕಾಯುತ್ತಾನೆ, ಅಷ್ಟರಲ್ಲಿ ಹುದ್ದೆ ಭರ್ತಿಯಾಗಿರುತ್ತದೆ. ಇದನ್ನು ಕೇಳಿದ ಮೇಲೆಯೇ ಅವರು ಉತ್ತರ ಬರೆಯಲು ಒಪ್ಪಿದ್ದು. ನಾವಿಬ್ಬರೂ ಕೂತು ಬರೆದದ್ದು ಇದು:

“ನಮಸ್ಕಾರ. ಇಷ್ಟು ದಿನ ಕಾಯಿಸಿದ್ದಕ್ಕೆ ಕ್ಷಮಿಸಿ. ನಮ್ಮ ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮಗೆ ಹೊಂದುವ ಒಂದು ಹುದ್ದೆ ಆರಿಸಿ, ಅದರ ಜಾಬ್ ಐಡಿ ಮತ್ತು ನೀವು ಅದಕ್ಕೆ ಹೇಗೆ ಸರಿಹೊಂದುತ್ತೀರಿ ಎಂದು ಮೂರು ಸಾಲು ಕಳಿಸಿ. ಅದಕ್ಕೆ ಈಗಾಗಲೇ ಅರ್ಜಿ ಹಾಕಿದ್ದೀರಾ? ರೆಫರ್ ಮಾಡಬಲ್ಲೆನೋ ಇಲ್ಲವೋ ಎಂದು ಶುಕ್ರವಾರದೊಳಗೆ ತಿಳಿಸುತ್ತೇನೆ. ಮುಂದಿನದು ಎಚ್‌ಆರ್ ಕೈಯಲ್ಲಿದೆ.”

ಅರ್ಜಿಯ ಪ್ರಶ್ನೆ ಸುಮ್ಮನೆ ಹಾಕಿದ್ದಲ್ಲ. ಅದೇ ಇಮೇಲ್‌ನಿಂದ ಮೊದಲೇ ಅರ್ಜಿ ಹೋಗಿದ್ದರೆ ಹಲವು ಕಂಪನಿಗಳ ಪೋರ್ಟಲ್ ಆಮೇಲೆ ರೆಫರಲ್ ಸ್ವೀಕರಿಸುವುದಿಲ್ಲ. ಜಾಬ್ ಐಡಿ ಕೇಳುವುದರಿಂದ ಇನ್ನೊಂದು ಅನುಕೂಲವೂ ಇದೆ: ಒಂದೇ ಸಂದೇಶವನ್ನು ನೂರು ಜನಕ್ಕೆ ಕಳಿಸಿದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ.

ಈತ ನಿಲ್ಲಲಿಲ್ಲ, ಐಡಿ ಕಳಿಸಿದ. ಹುದ್ದೆಗೆ ಬೇಕಾದದ್ದು ಆಟೊಮೇಷನ್‌ನಲ್ಲಿ 4 ವರ್ಷದ ಅನುಭವ, ಆತನಿಗಿದ್ದದ್ದು ಮ್ಯಾನುಯಲ್ ಟೆಸ್ಟಿಂಗ್‌ನಲ್ಲಿ ಒಂದೂವರೆ ವರ್ಷ. “ಹಾಕಿಬಿಡ್ಲಾ, ಹೋಗೋದೇನಿದೆ?” ಎಂದು ಇವರು ಕೇಳಿದರು. ಹೋಗುವುದಿದೆ. ಹೊಂದದ ಹೆಸರುಗಳನ್ನೇ ಕಳಿಸುತ್ತಿದ್ದರೆ, ನಾಳೆ ಸರಿಯಾದವರನ್ನು ಕಳಿಸಿದಾಗಲೂ ರಿಕ್ರೂಟರ್ ಗಮನ ಕೊಡುವುದು ಕಷ್ಟ. ಹೀಗೆ ಬರೆಯಲು ಹೇಳಿದೆವು: “ಈ ಹುದ್ದೆಗೆ ಆಟೊಮೇಷನ್ ಅನುಭವ ಕಡ್ಡಾಯ. ಅದು ನಿಮ್ಮ ರೆಸ್ಯೂಮೆಯಲ್ಲಿ ಕಾಣದ್ದರಿಂದ ರೆಫರ್ ಮಾಡುತ್ತಿಲ್ಲ. 1ರಿಂದ 2 ವರ್ಷ ಅನುಭವ ಕೇಳುವ ಹುದ್ದೆ ಕಂಡರೆ ಐಡಿ ಕಳಿಸಿ.” ಕಾರಣ ಒಂದೇ ಸಾಲಿನಲ್ಲಿರಲಿ. ರೆಸ್ಯೂಮೆ ತಿದ್ದಿಕೊಡುವ ಹೊಣೆ ಇವರದಲ್ಲ.

ಮುಂದೊಮ್ಮೆ ಆತ ಹೊಂದುವ ಹುದ್ದೆಯನ್ನೇ ಕಳಿಸಿದ. ಫಾರ್ಮಿನಲ್ಲಿ “ಅಭ್ಯರ್ಥಿ ನಿಮಗೆ ಹೇಗೆ ಪರಿಚಯ?” ಎಂಬಲ್ಲಿ ಇವರ ಕೈ ತಡೆಯಿತು. ಮಾಜಿ ಸಹೋದ್ಯೋಗಿ ಎಂದು ಬರೆದರೆ ಅದು ಸುಳ್ಳು, ಸಿಕ್ಕಿಬಿದ್ದರೆ ಇವರ ನೌಕರಿಗೇ ತೊಂದರೆ. “ಲಿಂಕ್ಡ್‌ಇನ್ ಮೂಲಕ ಸಂಪರ್ಕ, ಜೊತೆಗೆ ಕೆಲಸ ಮಾಡಿಲ್ಲ, ರೆಸ್ಯೂಮೆ ಹುದ್ದೆಗೆ ಹೊಂದುತ್ತದೆ” ಎಂದಷ್ಟೇ ಬರೆದರು. ಸಲ್ಲಿಸಿದ ದಿನವೇ ಆತನಿಗೂ ತಿಳಿಸಿ, ಪೋರ್ಟಲ್‌ನಿಂದ ಬರುವ ಇಮೇಲ್ ಸ್ಪ್ಯಾಮ್‌ಗೆ ಹೋಗಿದೆಯೇ ನೋಡಲು ಹೇಳಿದರು.

ಕೊನೆಯಲ್ಲಿ ಆತ “ಏನಾದ್ರೂ ಫೀಸ್ ಇದ್ಯಾ ಮೇಡಂ?” ಎಂದು ಕೇಳಿದ. ರೆಫರಲ್ ಮಾರುವವರು ಇರುವುದರಿಂದ ಈ ಪ್ರಶ್ನೆ ಬರುತ್ತದೆ. “ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ” ಎಂದು ಉತ್ತರಿಸಿದರು.