ಕುಂಕುಮ ಮಾಯ ಆಗ್ದಂಗೆ ಬ್ಲಾಕ್ ಅಂಡ್ ವೈಟ್

ಕಲರ್ ಫೋಟೋನ ಬ್ಲಾಕ್ ಅಂಡ್ ವೈಟ್ ಮಾಡಿದ್ರೆ ಮುಖ ಎಲ್ಲಾ ಒಂದೇ ಬೂದಿ ಬಣ್ಣ ಆಗ್ತಿದೆ, ಏನ್ ಮಾಡ್ಲಿ?

ಸ್ಯಾಚುರೇಷನ್ ಪೂರ್ತಿ ಇಳಿಸ್ಬೇಡಿ, ಎಡಿಟಿಂಗ್ ಆಪ್‌ನಲ್ಲಿ ಬ್ಲಾಕ್ ಅಂಡ್ ವೈಟ್ ಮಿಕ್ಸ್ ಅಂತ ಇರುತ್ತಲ್ಲ, ಅದ್ರಲ್ಲಿ ಮಾಡಿ. ಬಣ್ಣ ಬೇರೆ ಇದ್ರೂ ಹೊಳಪು ಒಂದೇ ಇದ್ರೆ ಬೂದಿನೂ ಒಂದೇ ಆಗ್ಬಿಡುತ್ತೆ, ಮಿಕ್ಸ್‌ನಲ್ಲಾದ್ರೆ ಯಾವ ಬಣ್ಣ ಎಷ್ಟು ಬೆಳ್ಳಗಾಗ್ಬೇಕು ಅಂತ ನೀವೇ ಹೇಳ್ಬೋದು. ಮಂಡ್ಯದಲ್ಲಿ ನಮ್ಮಜ್ಜಿ ಫೋಟೋಗೆ ಆರೆಂಜ್ +15 ಕೊಟ್ಟೆ, ಚರ್ಮಕ್ಕೆ ಜೀವ ಬಂತು, ಆಸೆಗೆ ರೆಡ್ಡೂ ಏರಿಸ್ದೆ ನೋಡಿ, ಹಣೆ ಕುಂಕುಮನೇ ಮಾಯ, ತುಟಿನೂ ಕೆನ್ನೆ ಜೊತೆ ಸೇರ್ಕೊಳ್ತು, ಆಮೇಲೆ ರೆಡ್ -20ಕ್ಕೆ ಇಳಿಸಿದ್ಮೇಲೆ ಸರಿಹೋಯ್ತು. ಕಣ್ಣಿನ ಬಿಳಿ, ಕಪ್ಪು ಕೂದಲಲ್ಲಿ ಬಣ್ಣನೇ ಕಮ್ಮಿ, ಅಲ್ಲಿ ಈ ಸ್ಲೈಡರ್ ಅಷ್ಟಾಗಿ ನಡಿಯಲ್ಲ. ಕಣ್ಣಿಗೆ ಬ್ರಷ್‌ನಲ್ಲಿ ಎಕ್ಸ್‌ಪೋಷರ್ +0.3 ಸಾಕು, ತುರುಬಿಗೆ ಎಳೆ ಕಾಣೋವರೆಗೆ ಮಾತ್ರ ಶ್ಯಾಡೋಸ್ ಎತ್ತಿ.