ಸಂಪು ಎಷ್ಟು ದೊಡ್ಡದು ಬೇಕು? ತಾರಸಿ ನೋಡಿ ಅಲ್ಲ, ಮಳೆ ಇಲ್ಲದ ದಿನ ಎಣಿಸಿ

"ಶಿರಾ ಹತ್ರ ನಮ್ಮ ಮನೆ. 1,000 ಚದರ ಅಡಿ ಆರ್‌ಸಿಸಿ ತಾರಸಿ, ನಾಲ್ಕು ಜನ. ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಕುಡಿಯೋಕೆ, ಅಡುಗೆಗೆ ಮಳೆನೀರು ಹಿಡೀಬೇಕು ಅಂತಿದೀನಿ. ಎಷ್ಟು ಲೀಟರ್ ಸಂಪು ಕಟ್ಟಿಸಲಿ?"

ಅಕ್ಕಾ, ಮೇಲೆ ಒಬ್ಬರು 50,000 ಲೀಟರ್ ಕಟ್ಟಿಸಿ ಅಂದಿದ್ದಾರೆ. ಅವರ ಗುಣಾಕಾರ ಹೆಚ್ಚುಕಮ್ಮಿ ಸರಿಯೇ. ಆದರೆ ಅದು ವರ್ಷವಿಡೀ ತಾರಸಿಗೆ ಬೀಳುವ ನೀರು, ಸಂಪಿನ ಅಳತೆಯಲ್ಲ. ಮಳೆ ಒಂದೇ ದಿನ ಸುರಿಯುವುದಿಲ್ಲ, ಬರುತ್ತಾ ಇರುವಾಗಲೇ ನೀವು ಬಳಸುತ್ತಲೂ ಇರುತ್ತೀರಿ.

ಮೊದಲು ಎಷ್ಟು ಸಿಗುತ್ತೆ ನೋಡೋಣ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 93 ಚದರ ಮೀಟರ್. ಮಳೆ ವರ್ಷಕ್ಕೆ 600 ಮಿ.ಮೀ. ಅಂತ ಹಿಡಿಯೋಣ. ಬಿದ್ದದ್ದೆಲ್ಲ ಪೈಪಿಗೆ ಇಳಿಯಲ್ಲ, ಕಾದ ಕಾಂಕ್ರೀಟು ಒಂದಷ್ಟು ಕುಡಿಯುತ್ತೆ, ಗುಂಡಿಗಳಲ್ಲಿ ಒಂದಷ್ಟು ನಿಂತು ಆರುತ್ತೆ. ಅದಕ್ಕೇ 0.8ರಿಂದ ಗುಣಿಸೋದು. 93 × 600 × 0.8 = 44,640 ಲೀಟರ್.

ಈಗ ಖರ್ಚು. ಕುಡಿಯೋಕೆ, ಅಡುಗೆಗೆ ತಲೆಗೆ 10 ಲೀಟರ್ ಅಂದರೆ ದಿನಕ್ಕೆ 40, ವರ್ಷಕ್ಕೆ 14,600. ನೀರು ಮೂರು ಪಟ್ಟು ಬರುತ್ತಿದೆ. ಮಳೆ 350 ಮಿ.ಮೀ.ಗೆ ಇಳಿದ ಬರದ ವರ್ಷದಲ್ಲೂ 26,040 ಲೀಟರ್ ಸಿಗುತ್ತೆ. ಹಾಗಾಗಿ ನಿಮ್ಮ ಚಿಂತೆ ತಾರಸಿಯದ್ದಲ್ಲ, ನವೆಂಬರ್ ಕಳೆದ ಮೇಲೆ ಮುಂದಿನ ಹದ ಮಳೆವರೆಗಿನ ಒಣ ದಿನಗಳದ್ದು. ಏಪ್ರಿಲ್‌ನ ಒಂದೆರಡು ಅಡ್ಡಮಳೆ ನಂಬದೆ 180 ದಿನ ಇಟ್ಟುಕೊಳ್ಳಿ. 180 × 40 = 7,200 ಲೀಟರ್. ನೆಂಟರು, ಹಬ್ಬ, ತಡವಾದ ಮುಂಗಾರು ಸೇರಿಸಿ 10,000 ಲೀಟರ್ ಸಾಕು. ಒಳಗಿನ ಅಳತೆ 8 × 6 ಅಡಿ, ನೀರು ನಿಲ್ಲುವ ಆಳ ಏಳೂವರೆ ಅಡಿ.

ಆದರೆ ಪಾತ್ರೆ ತೊಳೆಯೋಕೂ ಇದೇ ನೀರು ಅಂದರೆ ಲೆಕ್ಕ ತಿರುಗಿಬಿಡುತ್ತೆ. ದಿನಕ್ಕೆ 100 ಲೀಟರ್ ಆದರೆ ವರ್ಷಕ್ಕೆ 36,500. ಬರದ ವರ್ಷದ 26,040 ಅಲ್ಲಿಗೇ ಸಾಲದು, ಎಷ್ಟು ದೊಡ್ಡ ಸಂಪು ಕಟ್ಟಿಸಿದರೂ ಅದು ತುಂಬಲ್ಲ. ಇದನ್ನು ಮನೆಯಲ್ಲಿ ಕೂತು ಮೊದಲೇ ತೀರ್ಮಾನ ಮಾಡಿ.

ತೀರ್ಥಹಳ್ಳಿ ಅಣ್ಣ ತಮ್ಮ ಹಂಚಿನ ಮನೆ ವಿಷಯ ಬರೆದಿದ್ದಾರೆ, ಇಳಿಜಾರಿನ ಮೇಲೆ ಟೇಪು ಹಿಡಿದು 115 ಚದರ ಮೀಟರ್ ಅಂತ. ಅಣ್ಣಾ, ಮಳೆಗೆ ಲೆಕ್ಕ ಮಾಡೋದು ಸೂರು ನೆಲದ ಮೇಲೆ ಮುಚ್ಚುವಷ್ಟು ಜಾಗ. ಇಳಿಜಾರು 30 ಡಿಗ್ರಿ ಇದ್ದರೆ ನಿಮ್ಮದು 100ರ ಆಸುಪಾಸು ಅಷ್ಟೆ. ಜೊತೆಗೆ ನಿಮ್ಮ ಕಡೆಯ ಮಳೆಯ ಲೆಕ್ಕವನ್ನು ಶಿರಾಕ್ಕೆ ತರೋಕಾಗಲ್ಲ.

ನಿವೃತ್ತ ಇಂಜಿನಿಯರ್ ಸಾರ್ 0.8 ಜಾಸ್ತಿ ಆಯ್ತು, ಹಳೇ ತಾರಸಿಗೆ 0.7 ಹಿಡಿಯಿರಿ ಅಂದರು. ಅವರು ಕಟ್ಟಿಸಿ ನೋಡಿದವರು, ಅಲ್ಲಗಳೆಯಲ್ಲ. ಅಕ್ಕಾ, ನಿಮ್ಮ 40 ಲೀಟರಿನ ಲೆಕ್ಕಕ್ಕೆ ಅದರಿಂದ ವ್ಯತ್ಯಾಸ ಇಲ್ಲ, 100 ಲೀಟರಿಗೆ ಇದೆ. ನಿಮ್ಮ ತಾರಸಿಯ ಅಂಕಿಯನ್ನು ನೀವೇ ಅಳೆಯಬಹುದು. ನಾನು ಮಾಡಿದ್ದು ಹೇಳ್ತೀನಿ. ನಮ್ಮದು 120 ಚದರ ಮೀಟರ್. ನೇರ ಗೋಡೆಯ ಸ್ಟೀಲ್ ಡಬ್ಬಿ ತಾರಸಿ ಮೇಲಿಟ್ಟೆ, ಸ್ಕೇಲ್ ಅದ್ದಿದಾಗ 12 ಮಿ.ಮೀ. ಇತ್ತು. 1,440 ಲೀಟರ್ ಬಿದ್ದಿರಬೇಕು. ಸಂಪಿನ ತಳ 4.5 ಚದರ ಮೀಟರ್, ನೀರು ಏರಿದ್ದು ಬರೀ 11 ಸೆಂ.ಮೀ. ಅಂದರೆ 495 ಲೀಟರ್, ತಾರಸಿ ತೊಳೆದ ಮೊದಲ ನೀರು ಹಿಡಿಯೋ ಡ್ರಮ್ಮಿನ 100 ಸೇರಿಸಿದರೂ 0.41. ಹುಡುಕಿದರೆ ಪೈಪಿನ ಬಾಯಿಗೆ ಹೊಂಗೆ ಎಲೆ ಗಟ್ಟಿಯಾಗಿ ಕೂತಿತ್ತು, ನೀರು ಪ್ಯಾರಾಪೆಟ್ಟಿನ ಇನ್ನೊಂದು ತೂತಿನಿಂದ ಅಂಗಳಕ್ಕೆ ಹೋಗಿತ್ತು. ಸರಿಮಾಡಿದ ಮೇಲೆ ಅಷ್ಟೇ ಮಳೆಗೆ 23 ಸೆಂ.ಮೀ. ಏರಿತು, ಅದು 0.79.

ಆ ಡ್ರಮ್ಮಿನ ಮಾತು ಮುಖ್ಯ. ಧೂಳು, ಹಕ್ಕಿ ಹಿಕ್ಕೆ ತೊಳೆದ ಮೊದಲ ಒಂದು ಮಿ.ಮೀ. ನೀರು ಸಂಪಿಗೆ ಬಿಡಬೇಡಿ. ನಿಮಗೆ ಅದು 93 ಲೀಟರ್. ಪ್ಲಂಬರ್‌ಗಳು ಸಾಮಾನ್ಯವಾಗಿ ನಾಲ್ಕಿಂಚು ಅಗಲದ ಪೈಪನ್ನು ಮೂರಡಿ ಉದ್ದ ಇಳಿಸಿ ಮುಚ್ಚಳ ಹಾಕಿ ಆಯ್ತು ಅಂತಾರೆ. ಅದರಲ್ಲಿ ಹಿಡಿಯೋದು ಏಳೆಂಟು ಲೀಟರ್, ತಾರಸಿ ಒದ್ದೆಯಾದಷ್ಟೂ ಅಲ್ಲ. 100 ಲೀಟರ್ ಡ್ರಮ್ ಇಡಿಸಿ, ಬುಡದ ನಲ್ಲಿಯನ್ನು ತೊಟ್ಟಿಕ್ಕುವಷ್ಟು ಬಿಟ್ಟಿರಿ, ಮುಂದಿನ ಮಳೆ ಹೊತ್ತಿಗೆ ತಾನೇ ಖಾಲಿಯಾಗಿರುತ್ತೆ.

ಸಂಪು ಅಗೆಸೋ ಮುಂಚೆ ತಾರಸಿಯ ನಾಲ್ಕೂ ಮೂಲೆಯಲ್ಲಿ ಒಂದೊಂದು ಬಕೆಟ್ ನೀರು ಸುರಿದು, ಎಷ್ಟು ಮೂಲೆಯದ್ದು ನಿಮ್ಮ ಪೈಪಿಗೆ ಬರುತ್ತೆ ಅಂತ ಇಲ್ಲಿ ಬರೀರಿ. ಎರಡೇ ಮೂಲೆ ಆದರೆ 93ರ ಜಾಗದಲ್ಲಿ ಸುಮಾರು ಅರ್ಧ ಹಾಕಿ ಮತ್ತೆ ಲೆಕ್ಕ ಮಾಡೋಣ.