ಬಿಸಿ ಗೋಳಿಬಜೆಯೂ ಪತ್ರಿಕೆಯ ಶಾಯಿಯೂ

ಪ್ರಶ್ನೆ: ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಚಹಾದಂಗಡಿ ಇದೆ. ಸಂಜೆ ಹೊತ್ತು ಗೋಳಿಬಜೆ, ನೇಂದ್ರ ಬಾಳೆಹಣ್ಣಿನ ಪೋಡಿ ಕರಿಯುತ್ತೇನೆ. ಎಣ್ಣೆ ಹೀರಲೆಂದು ತಟ್ಟೆಗೆ ಹಳೆಯ ಪತ್ರಿಕೆ ಹಾಸುತ್ತೇನೆ, ಪಾರ್ಸೆಲಿಗೂ ಅದರಲ್ಲೇ ಕಟ್ಟಿ ಕೊಡುತ್ತೇನೆ. ಮಗಳು ಬೇಡವೆನ್ನುತ್ತಾಳೆ. ಅಚ್ಚಿಲ್ಲದ ಬಿಳಿ ಅಂಚನ್ನು ಒಳಗೆ ಮಾಡಿ ಕಟ್ಟಿದರೆ ಸಾಲದೇ? ಪತ್ರಿಕೆ ಬಿಟ್ಟರೆ ಎಣ್ಣೆ ಹೀರುವುದಕ್ಕೆ ಏನು ಮಾಡಲಿ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಬಿಳಿ ಅಂಚೂ ಸಾಲದು. ಏಕೆಂದು ನಿಮ್ಮ ಅಂಗಡಿಯಲ್ಲೇ ನೋಡಬಹುದು. ಒಂದು ತುಂಡು ಹತ್ತಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ, ಒಂದು ವಾರ ಹಳೆಯ ಪತ್ರಿಕೆಯ ದಪ್ಪ ತಲೆಬರಹದ ಮೇಲೆ ನಾಲ್ಕೈದು ಸಲ ಉಜ್ಜಿ. ಹತ್ತಿ ಕಪ್ಪಾಗುತ್ತದೆ. ಅಚ್ಚಾಗಿ ಅಷ್ಟು ದಿನವಾದರೂ ಆ ಶಾಯಿ ಗಟ್ಟಿಯಾಗಿಲ್ಲ ಎಂದು ಅದರ ಅರ್ಥ.

ದಿನಪತ್ರಿಕೆಯ ಶಾಯಿ ನಾವು ಗೋಡೆಗೆ ಬಳಿಯುವ ಬಣ್ಣದಂತೆ ಒಣಗಿ ಪದರವಾಗುವುದಿಲ್ಲ. ಕಪ್ಪು ಮಸಿಯ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಆ ಶಾಯಿಯನ್ನು ಮಾಡುತ್ತಾರೆ. ಬಹುಪಾಲು ಇದು ಪೆಟ್ರೋಲಿಯಂನಿಂದ ಬಂದ ಖನಿಜ ತೈಲ. ಅಚ್ಚಾದ ಮೇಲೆ ಕಾಗದವನ್ನು ಬಿಸಿ ಮಾಡಿ ಒಣಗಿಸುವ ಕ್ರಮವೂ ಸಾಮಾನ್ಯವಾಗಿ ಇಲ್ಲ. ತೈಲ ಕಾಗದದ ನಾರುಗಳೊಳಗೆ ಇಂಗಿ ಅಲ್ಲೇ ಉಳಿಯುತ್ತದೆ, ಮಸಿ ಮೇಲೆ ಕುಳಿತಿರುತ್ತದೆ. ಎಣ್ಣೆಯಲ್ಲಿ ಎಣ್ಣೆ ಸುಲಭವಾಗಿ ಬೆರೆಯುತ್ತದೆ, ಬಿಸಿಯಿದ್ದರೆ ಇನ್ನೂ ಬೇಗ. ಆದ್ದರಿಂದಲೇ ಒಣ ಅವಲಕ್ಕಿಯನ್ನು ಕಟ್ಟುವುದಕ್ಕಿಂತ ಬಾಣಲೆಯಿಂದ ಆಗಷ್ಟೇ ತೆಗೆದ ಬಜೆಯನ್ನು ಕಟ್ಟುವುದು ಹೆಚ್ಚು ಕೆಟ್ಟದ್ದು.

ಐದು ಗೋಳಿಬಜೆಯನ್ನು ಪತ್ರಿಕೆಯಲ್ಲಿ ಕಟ್ಟಿ, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಬಜೆ ತಾಗಿದಲ್ಲೆಲ್ಲ ಕಾಗದ ಗಾಜಿನಂತೆ ಪಾರದರ್ಶಕವಾಗಿ, ಹಿಂದಿನ ಪುಟದ ಅಕ್ಷರಗಳೂ ಕಾಣುತ್ತವೆ. ನಾರುಗಳ ನಡುವಿನ ಗಾಳಿಯನ್ನೆಲ್ಲ ಎಣ್ಣೆ ತುಂಬಿಕೊಂಡಾಗ ಹೀಗಾಗುತ್ತದೆ. ಅಂದರೆ ಬಜೆಯಿಂದ ಹೊರಮೈಯ ಶಾಯಿಯವರೆಗೆ ಎಣ್ಣೆಯದೇ ದಾರಿಯಾಯಿತು. ಅಂಚು ಒಳಗಿದ್ದರೂ ಆ ದಾರಿಯಲ್ಲಿ ಶಾಯಿಯ ಅಂಶ ಬಜೆಯವರೆಗೆ ಬರಬಲ್ಲದು. ಇನ್ನೊಂದು ಕಾರಣವೂ ಇದೆ. ಪತ್ರಿಕೆಯ ಕಾಗದವನ್ನು ಅನೇಕ ಕಡೆ ಹಳೆಯ ಕಾಗದವನ್ನೇ ಅರೆದು ಮಾಡುತ್ತಾರೆ. ಹಳೆಯ ಶಾಯಿ ಮತ್ತು ಅಂಟುಗಳ ಶೇಷ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಅಚ್ಚಿಲ್ಲದ ಜಾಗವೂ ನಿಜವಾಗಿ ಖಾಲಿಯಲ್ಲ.

ನೇಂದ್ರದ ಪೋಡಿಯ ಹಳದಿ ಮೈಮೇಲೆ ಕೆಲವೊಮ್ಮೆ ಅಕ್ಷರಗಳು ತಿರುಗುಮುರುಗಾಗಿ ಮೂಡಿರುವುದನ್ನು ನೀವು ಕಂಡಿರಬಹುದು. ಅದು ಮಸಿ. ಆದರೆ ಖನಿಜ ತೈಲಕ್ಕೆ ಗುರುತಾಗುವಂಥ ಬಣ್ಣವಿಲ್ಲ. ಆದ್ದರಿಂದ ಪೋಡಿಯ ಮೇಲೆ ಗುರುತು ಬೀಳಲಿಲ್ಲವೆಂದು ಏನೂ ಸೇರಲಿಲ್ಲ ಎನ್ನಲಾಗದು.

ಇಷ್ಟು ಓದಿ ಹೆದರಬೇಡಿ. ಪತ್ರಿಕೆಯಲ್ಲಿ ಕಟ್ಟಿದ ಬಜೆ ತಿಂದವರಿಗೆ ಸಾಮಾನ್ಯವಾಗಿ ಮರುದಿನ ಏನೂ ಆಗುವುದಿಲ್ಲ, ‘ಅಜ್ಜನ ಕಾಲದಿಂದ ತಿಂದಿದ್ದೇವೆ’ ಎನ್ನುವವರು ಹೇಳುವುದೂ ಇದನ್ನೇ. ಇಲ್ಲಿನ ಅಪಾಯ ನಿಧಾನದ್ದು. ಖನಿಜ ತೈಲದ ಒಂದು ಭಾಗ ಮನುಷ್ಯನ ಯಕೃತ್ತು ಮತ್ತು ದುಗ್ಧಗ್ರಂಥಿಗಳಲ್ಲಿ ಸೇರಿ ಉಳಿಯುತ್ತದೆ. ಇನ್ನೊಂದು ಭಾಗದಲ್ಲಿ ವಂಶವಾಹಿಗೆ ಹಾನಿ ಮಾಡಿ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಅಂಶಗಳಿರಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲೇ ಎಚ್ಚರಿಸಿತ್ತು. ದಿನವೂ ಸಂಜೆ ಶಾಲೆ ಬಿಟ್ಟು ನಿಮ್ಮ ಅಂಗಡಿಗೆ ಬರುವ ಮಗುವಿನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ. ಅದರ ಮೈತೂಕ ಕಡಿಮೆ, ಮುಂದೆ ತಿನ್ನುವ ವರ್ಷಗಳು ಹೆಚ್ಚು. ಇದರ ಮೇಲೆ, ಆ ಪತ್ರಿಕೆ ಬಸ್ಸಿನ ಸೀಟು, ಕಟ್ಟೆ, ಗುಜರಿಯವನ ಮೂಟೆ ಎಲ್ಲವನ್ನೂ ದಾಟಿ ನಿಮ್ಮ ತಟ್ಟೆಗೆ ಬಂದಿರುತ್ತದೆ. ನಮ್ಮ ದೇಶದ 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರ ಕಟ್ಟಲು, ಇಡಲು ಪತ್ರಿಕೆ ಬಳಸುವುದನ್ನು ನಿಷೇಧಿಸಿವೆ. ಸೋಯಾ ಎಣ್ಣೆಯ ಶಾಯಿ ಬಂದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದೂ ಓದಲು ಅಚ್ಚು ಹಾಕುವ ಶಾಯಿಯೇ ಹೊರತು ತಿನ್ನುವ ವಸ್ತುವಿಗೆ ತಾಗಲೆಂದು ಮಾಡಿದ್ದಲ್ಲ.

ಇನ್ನು ನಿಮ್ಮ ಕೊನೆಯ ಮಾತು. ಪತ್ರಿಕೆಯನ್ನು ನೀವು ಎರಡು ಕೆಲಸಕ್ಕೆ ಬಳಸುತ್ತಿದ್ದೀರಿ: ಎಣ್ಣೆ ಇಳಿಸಲು, ಕಟ್ಟಿ ಕೊಡಲು. ಎರಡನ್ನೂ ಬೇರೆ ಮಾಡಿದರೆ ದಾರಿ ಸಿಗುತ್ತದೆ.

ಎಣ್ಣೆ ಇಳಿಸುವುದಕ್ಕೆ ಕಾಗದವೇ ಬೇಕೆಂದಿಲ್ಲ. ಕರಿಯುತ್ತಿರುವಷ್ಟು ಹೊತ್ತು ಬಜೆಯ ಒಳಗಿಂದ ಹಬೆ ಹೊರಕ್ಕೆ ನುಗ್ಗುತ್ತಿರುತ್ತದೆ, ಎಣ್ಣೆಗೆ ಒಳಹೋಗಲು ಎಡೆ ಕಡಿಮೆ. ಹೊರತೆಗೆದು ತಣಿಯತೊಡಗಿದಾಗ ಹಬೆ ನಿಂತು, ಮೈಗೆ ಅಂಟಿದ ಎಣ್ಣೆಯನ್ನು ಬಜೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಎಣ್ಣೆ ಇಳಿಯಬೇಕಾದದ್ದು ತೆಗೆದ ಮೊದಲ ಅರ್ಧ ನಿಮಿಷದಲ್ಲಿ. ತೂತಿನ ಸಟ್ಟುಗದಲ್ಲಿ ಎತ್ತಿ, ಬಾಣಲೆಯ ಮೇಲೆಯೇ ಹತ್ತು ಹದಿನೈದು ಸೆಕೆಂಡು ಹಿಡಿದು ಅಲುಗಾಡಿಸಿ. ಬಳಿಕ ಸ್ಟೀಲಿನ ಜಾಲರಿ ತಟ್ಟೆಯ ಮೇಲೆ, ಒಂದರ ಮೇಲೊಂದು ಪೇರಿಸದೆ ಹರಡಿ, ಕೆಳಗೆ ಎಣ್ಣೆ ಬೀಳಲು ಪಾತ್ರೆ ಇಡಿ. ಬಿಸಿ ಎಣ್ಣೆ ತೆಳು, ಬೇಗ ಇಳಿಯುತ್ತದೆ. ಹಿಟ್ಟು ಹಾಕುವಾಗ ಎಣ್ಣೆಯ ಬಿಸಿ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಲಿ. ಸಾಸಿವೆಯಷ್ಟು ಹಿಟ್ಟು ಬಿಟ್ಟರೆ ತಕ್ಷಣ ಮೇಲೇಳಬೇಕು. ತಳದಲ್ಲೇ ಕುಳಿತರೆ ಬಿಸಿ ಸಾಲದು, ಆಗ ಬಜೆ ಎಣ್ಣೆ ಕುಡಿಯುತ್ತದೆ, ಯಾವ ಕಾಗದವೂ ಅದನ್ನು ಹೊರತೆಗೆಯಲಾರದು.

ಕಟ್ಟಲು ನನ್ನ ಮೊದಲ ಆಯ್ಕೆ ನಿಮ್ಮ ಹಿತ್ತಲಿನ ಬಾಳೆಯೆಲೆ. ತೊಳೆದು ಒರೆಸಿ, ನಡುವಿನ ದಪ್ಪ ನರ ಬಿಟ್ಟು ತುಂಡು ಮಾಡಿ, ಬೆಂಕಿಯ ಮೇಲೆ ಒಂದೊಂದನ್ನೂ ಕೆಲವು ಕ್ಷಣ ಆಡಿಸಿ. ಮಾಸಲು ಹಸಿರು ಹೋಗಿ ಮಿರುಗುವ ಗಾಢ ಹಸಿರು ಬಂದರೆ ಎಲೆ ಬಾಡಿದೆ, ಮಡಚಿದರೆ ಸೀಳದು. ಎಲೆ ಎಣ್ಣೆ ಹೀರುವುದಿಲ್ಲ, ಆದ್ದರಿಂದ ಜಾಲರಿಯ ಮೇಲೆ ಎಣ್ಣೆ ಇಳಿದ ಮೇಲೆಯೇ ಕಟ್ಟಿ. ಹಬೆ ಹೋಗಲು ಒಂದು ಬದಿ ತೆರೆದಿಡಿ, ಇಲ್ಲದಿದ್ದರೆ ಗರಿ ಹೋಗುತ್ತದೆ. ಬಾಳೆನಾರಿನಿಂದ ಕಟ್ಟಿದರೆ ಪಿನ್ನೂ ಬೇಡ.

ಎಲೆ ಸಿಗದ ದಿನಗಳಿಗೆ ಅಚ್ಚಿಲ್ಲದ, ಆಹಾರಕ್ಕೆಂದೇ ಮಾಡಿದ ಬೆಣ್ಣೆ ಕಾಗದ ಅಥವಾ ಕಂದು ಕಾಗದ ತನ್ನಿ. ಕಂದು ಬಣ್ಣ ನೋಡಿ ನಂಬಬೇಡಿ. ಹಳೆಯ ಪತ್ರಿಕೆ, ಪೆಟ್ಟಿಗೆಗಳನ್ನು ಅರೆದು ಮಾಡಿದ ಕಂದು ಕವರೂ ಅಷ್ಟೇ ಕಂದು. ಬೆಳಕಿಗೆ ಹಿಡಿದಾಗ ಕಪ್ಪು, ನೀಲಿ ಚುಕ್ಕೆಗಳು ಕಂಡರೆ ಅದು ಬೇಡ. ಕಾಣದಿದ್ದರೂ ಕಾಗದ ಮಾರುವವರಲ್ಲಿ ‘ಆಹಾರ ದರ್ಜೆ’ಯ ಪ್ರಮಾಣಪತ್ರ ಕೇಳಿ. ಮಕ್ಕಳ ಹಳೆಯ ನೋಟುಪುಸ್ತಕದ ಹಾಳೆ, ಕಚೇರಿಯ ರದ್ದಿ, ಬಿಸಿ ಬಜೆಗೆ ತೆಳು ಪ್ಲಾಸ್ಟಿಕ್ ಚೀಲ, ಇವೂ ಪತ್ರಿಕೆಯ ಬದಲಿಯಲ್ಲ. ನಿಮ್ಮಲ್ಲಿ ಉಳಿದಿರುವ ಹಳೆಯ ಪತ್ರಿಕೆಗಳನ್ನು ಎಲೆ ಕಟ್ಟಿನ ಹೊರಗೂ ಸುತ್ತಬೇಡಿ. ಎಲೆಯ ಸಂದಿನಿಂದ ಸೋರಿದ ಎಣ್ಣೆ ಕಾಗದಕ್ಕೆ ತಾಗಿ ಮತ್ತೆ ಒಳಕ್ಕೆ ಬರಬಲ್ಲದು, ತಿನ್ನುವವರ ಕೈಗೂ ಶಾಯಿ ಹತ್ತುತ್ತದೆ. ಕಿಟಕಿ ಒರೆಸಲು ಅವು ಚೆನ್ನಾಗಿರುತ್ತವೆ.